ಗಂಗಮ್ಮನ ಹೆಸರು ಆರು ಪ್ರಶ್ನೆಚಿಹ್ನೆ ಆದದ್ದು ಹೇಗೆ? ಡೇಟಾಬೇಸಿನಲ್ಲಿ ಕನ್ನಡ ಅಳಿಸಿಹೋಗುವ ಒಂದು ಹಳೆಯ ಕಥೆ

ಹಾಲಿನ ಡೇರಿಯ ಸದಸ್ಯರ ಪಟ್ಟಿ, ಗ್ರಂಥಾಲಯದ ಪುಸ್ತಕಗಳ ಪಟ್ಟಿ, ಸ್ವಸಹಾಯ ಸಂಘದ ಸಾಲದ ಲೆಕ್ಕ. ಇಂಥ ಯಾವುದಾದರೂ ಪ್ರಿಂಟ್‌ಔಟ್‌ನಲ್ಲಿ ಕ್ರಮಸಂಖ್ಯೆ ಸರಿ ಇದೆ, ಮೊಬೈಲ್ ನಂಬರ್ ಸರಿ ಇದೆ, ಹಣದ ಮೊತ್ತವೂ ಸರಿ ಇದೆ, ಆದರೆ ಹೆಸರಿನ ಜಾಗದಲ್ಲಿ ಮಾತ್ರ ?????? ಎಂದು ಬಂದಿರುವುದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಕೇಳಿದರೆ "ಸಾಫ್ಟ್‌ವೇರ್ ಚೇಂಜ್ ಆಯ್ತಲ್ಲ, ಫಾಂಟ್ ಪ್ರಾಬ್ಲಮ್ಮು" ಅನ್ನುತ್ತಾರೆ. ನಾವು ಇದರ ಬೆನ್ನು ಹತ್ತಿ ಹೋದಾಗ ಗೊತ್ತಾದದ್ದು ಬೇರೆ. ಇದಕ್ಕೂ ಫಾಂಟಿಗೂ ಸಂಬಂಧವಿಲ್ಲ. ಇದರ ಬೇರು ಮೂರು ನಾಲ್ಕು ದಶಕಗಳಷ್ಟು ಹಿಂದಕ್ಕೆ ಹೋಗುತ್ತದೆ, ಅದರಲ್ಲೊಂದು ಎಳೆ ಸ್ವೀಡನ್ ದೇಶಕ್ಕೂ ಹೋಗುತ್ತದೆ. ಆ ಕಥೆ ತಿಳಿದರೆ, ಹೋದ ಹೆಸರು ವಾಪಸ್ ಬರುತ್ತದೋ ಇಲ್ಲವೋ ಎಂದು ಐದು ನಿಮಿಷದಲ್ಲಿ ಹೇಳಬಹುದು.

ಗೂಡುಗಳ ಲೆಕ್ಕ

ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಸಂಖ್ಯೆಗೆ ಯಾವ ಅಕ್ಷರ ಎಂದು ಮೊದಲೇ ಒಂದು ಪಟ್ಟಿ ಮಾಡಿಟ್ಟಿರಬೇಕು. ಅಂಚೆ ಕಚೇರಿಯಲ್ಲಿ ಗೋಡೆಗೆ ಸಾಲಾಗಿ ಗೂಡುಗಳಿರುತ್ತವಲ್ಲ, ಹಾಗೆ. 65ನೇ ಗೂಡಿನಲ್ಲಿ ಇಂಗ್ಲಿಷಿನ ದೊಡ್ಡ 'ಎ', 66ರಲ್ಲಿ 'ಬಿ', 63ನೇ ಗೂಡಿನಲ್ಲಿ ಪ್ರಶ್ನೆಚಿಹ್ನೆ. ಈ 63ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1963ರಲ್ಲಿ ಅಮೆರಿಕದಲ್ಲಿ ಮಾಡಿದ ಆಸ್ಕಿ ಎಂಬ ಪಟ್ಟಿಯಲ್ಲಿ ಗೂಡುಗಳಿದ್ದದ್ದು 128. ಇಂಗ್ಲಿಷಿಗೆ ಅದು ಸಾಕು. ಜರ್ಮನ್, ಫ್ರೆಂಚ್, ಸ್ವೀಡಿಷ್ ಭಾಷೆಗಳ ಚುಕ್ಕೆ, ಗೀಟು ಇರುವ ಅಕ್ಷರಗಳಿಗೆ ಸಾಲಲಿಲ್ಲ. ಅದಕ್ಕಾಗಿ ಗೂಡುಗಳನ್ನು 256ಕ್ಕೆ ಏರಿಸಿದ ಪಟ್ಟಿಗಳು ಬಂದವು. ಪಶ್ಚಿಮ ಯೂರೋಪಿನ ಭಾಷೆಗಳಿಗಾಗಿ 1987ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಟ್ಟಿಯ ಹೆಸರು ಲ್ಯಾಟಿನ್-1. ಅದರಲ್ಲಿ ಕನ್ನಡಕ್ಕೆ ಒಂದು ಗೂಡೂ ಇರಲಿಲ್ಲ.

ನಮ್ಮ ದೇಶದವರು ಸುಮ್ಮನೆ ಕೂತಿರಲಿಲ್ಲ. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಪಟ್ಟಿ ತಯಾರಾಗಿ 1991ರಲ್ಲಿ ಭಾರತೀಯ ಮಾನಕ ಬ್ಯೂರೋದ ಮಾನಕವೂ ಆಯಿತು. ಆದರೆ ಹೊರದೇಶದಿಂದ ಬರುತ್ತಿದ್ದ ಸಾಮಾನ್ಯ ಸಾಫ್ಟ್‌ವೇರ್‌ಗಳಿಗೆ ಇಸ್ಕಿ ಅರ್ಥವಾಗುತ್ತಿರಲಿಲ್ಲ. ಹಾಗಾಗಿ ಕನ್ನಡಿಗರು ಇನ್ನೊಂದು ಉಪಾಯ ಹಿಡಿದರು.

ವೇಷ ಹಾಕಿದ ಕನ್ನಡ

ಆ ಉಪಾಯ ಹೀಗಿತ್ತು. ಲ್ಯಾಟಿನ್ ಅಕ್ಷರಗಳ ಗೂಡುಗಳನ್ನೇ ಬಳಸುವುದು, ಆದರೆ ಫಾಂಟಿನಲ್ಲಿ ಆ ಗೂಡಿನ ಚಿತ್ರ ಬದಲಿಸಿ ಕನ್ನಡದ ಚೂರುಗಳನ್ನು ಕೂರಿಸುವುದು. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಪ್ರೆಸ್ಸುಗಳಲ್ಲಿ ಬಳಸುವ ಹಲವು ಡಿಟಿಪಿ ಫಾಂಟುಗಳು ನಡೆದದ್ದು ಇದೇ ದಾರಿಯಲ್ಲಿ. ಡಿಟಿಪಿ ಸೆಂಟರಿನಲ್ಲಿ ನುಡಿ ಫೈಲನ್ನು ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದವರಿಗೆ ಇದು ಗೊತ್ತು. 'ಕನ್ನಡ' ಎಂಬ ಪದ ಅಲ್ಲಿ ಹೀಗೆ ಕಾಣುತ್ತದೆ:

```
PÀ£ÀßqÀ
```

ಕಂಪ್ಯೂಟರಿನ ಮಟ್ಟಿಗೆ ಇದು ಕನ್ನಡವೇ ಅಲ್ಲ. ಏಳು ಲ್ಯಾಟಿನ್ ಚಿಹ್ನೆಗಳ ಸಾಲು, ಅಷ್ಟೆ. ಬಯಲಾಟದಲ್ಲಿ ವೇಷ ಹಾಕಿದಂತೆ, ನೋಡುವವರ ಕಣ್ಣಿಗೆ ಮಾತ್ರ ಕನ್ನಡ.

ಈ ಉಪಾಯದಿಂದ ಒಂದು ವಿಚಿತ್ರ ಅನುಕೂಲವಾಯಿತು. ಡೇಟಾಬೇಸಿಗೆ ಕನ್ನಡ ಗೊತ್ತಿಲ್ಲದಿದ್ದರೂ ಏನೂ ಕೆಡುತ್ತಿರಲಿಲ್ಲ. ಬರುವುದು ಲ್ಯಾಟಿನ್, ಇಡುವುದು ಲ್ಯಾಟಿನ್, ಕೊಡುವುದೂ ಲ್ಯಾಟಿನ್. ಹುಡುಕಾಟ ಸರಿ ಬರುತ್ತಿರಲಿಲ್ಲ, ಅಕಾರಾದಿ ಜೋಡಣೆ ಆಗುತ್ತಿರಲಿಲ್ಲ, ನಿಜ. ಆದರೆ ಹೆಸರು ಪ್ರಶ್ನೆಚಿಹ್ನೆ ಆಗುತ್ತಿರಲಿಲ್ಲ. ಕನ್ನಡ ನಿಜವಾದ ಕನ್ನಡವಾಗಿ ಕಂಪ್ಯೂಟರಿನೊಳಗೆ ಬಂದ ಮೇಲೆ ಆ ತೊಂದರೆ ಶುರುವಾಯಿತು.

ಸ್ವೀಡನ್ನಿನ ಪೆಟ್ಟಿಗೆ

1995ರಲ್ಲಿ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಹುಟ್ಟಿತು. ಫಿನ್ಲೆಂಡಿನ ಮೈಕೆಲ್ ವಿಡೆನಿಯಸ್, ಸ್ವೀಡನ್ನಿನ ಡೇವಿಡ್ ಆಕ್ಸ್‌ಮಾರ್ಕ್ ಮತ್ತು ಅಲನ್ ಲಾರ್ಸನ್ ಇದರ ಹಿಂದಿದ್ದವರು. ಕಂಪನಿ ಇದ್ದದ್ದು ಸ್ವೀಡನ್ನಿನಲ್ಲಿ. ಬಿಟ್ಟಿಯಾಗಿ ಸಿಗುತ್ತಿದ್ದುದರಿಂದ ಜಗತ್ತಿನ ಸಣ್ಣಪುಟ್ಟ ವೆಬ್‌ಸೈಟುಗಳು, ಸಂಸ್ಥೆಗಳು ಅದನ್ನೇ ಹಿಡಿದವು.

ನೀವು ಟೇಬಲ್ ಮಾಡುವಾಗ "ಇದರಲ್ಲಿ ಯಾವ ಪಟ್ಟಿಯ ಅಕ್ಷರ ಇಡಬೇಕು" ಎಂದು ಹೇಳದೇ ಹೋದರೆ, ಮೈಎಸ್‌ಕ್ಯೂಎಲ್ ತಾನೇ ಲ್ಯಾಟಿನ್-1 ಎಂದುಕೊಳ್ಳುತ್ತಿತ್ತು. ಜೋಡಿಸುವ ಕ್ರಮವೂ ಸ್ವೀಡಿಷ್ ಭಾಷೆಯದೇ. ಇವತ್ತಿಗೂ ಹಳೆಯ ಟೇಬಲ್‌ಗಳಲ್ಲಿ `latin1_swedish_ci` ಎಂಬ ಹೆಸರು ಕಾಣುವುದು ಇದರಿಂದಲೇ. ಚಾಮರಾಜನಗರದ ಹೋಬಳಿಯೊಂದರ ಹೆಸರುಗಳು ಸ್ವೀಡಿಷ್ ಅಕಾರಾದಿಯಲ್ಲಿ ಕೂತಿದ್ದರೆ ಅದು ಯಾರೋ ಬೇಕಂತ ಮಾಡಿದ್ದಲ್ಲ, ಯಾರೂ ಏನೂ ಹೇಳದೆ ಬಿಟ್ಟದ್ದು. ಈ ಡೀಫಾಲ್ಟ್ ಬದಲಾದದ್ದು 2018ರಲ್ಲಿ, ಮೈಎಸ್‌ಕ್ಯೂಎಲ್ 8.0 ಬಂದಾಗ. ಅಂದರೆ ಅದಕ್ಕೂ ಮುಂಚೆ, ಏನೂ ಹೇಳದೆ ಮಾಡಿದ ಟೇಬಲ್‌ಗಳು ಸಾಮಾನ್ಯವಾಗಿ ಲ್ಯಾಟಿನ್-1 ಪೆಟ್ಟಿಗೆಗಳೇ. ಸಾಫ್ಟ್‌ವೇರನ್ನು ಅಪ್‌ಡೇಟ್ ಮಾಡಿದರೂ ಹಳೆಯ ಟೇಬಲ್ ತಾನಾಗಿ ಬದಲಾಗುವುದಿಲ್ಲ.

ಇತ್ತ 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗಲೇ ಅದರಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತ್ತು, 128 ಗೂಡುಗಳ ಒಂದು ಓಣಿ. ನಮ್ಮ ಇಸ್ಕಿಯ ಜೋಡಣೆಯನ್ನೇ ಆಧಾರ ಮಾಡಿಕೊಂಡು ಆ ಓಣಿ ಕಟ್ಟಿದ್ದರು. ಮಾರನೇ ವರ್ಷ, 1992ರಲ್ಲಿ, ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಯೂನಿಕೋಡ್ ಸಂಖ್ಯೆಗಳನ್ನು ಬೈಟುಗಳಲ್ಲಿ ಬರೆಯುವ ಯುಟಿಎಫ್-8 ಎಂಬ ಕ್ರಮವನ್ನು ರೂಪಿಸಿದರು. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು, ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು. ನಿಮ್ಮ ಮೊಬೈಲಿನಲ್ಲಿ ಈಗ ಈ ಲೇಖನ ಬಂದಿರುವುದೂ ಅದೇ ಕ್ರಮದಲ್ಲಿ.

63ನೇ ಗೂಡು

ಮೈಎಸ್‌ಕ್ಯೂಎಲ್ ತನ್ನ ಮೊದಲ ವರ್ಷಗಳಲ್ಲಿ ಬಹುಮಟ್ಟಿಗೆ ಬಂದ ಬೈಟುಗಳನ್ನು ಬಂದ ಹಾಗೇ ಇಟ್ಟುಕೊಳ್ಳುತ್ತಿತ್ತು. 2004ರಲ್ಲಿ ಬಳಕೆಗೆ ಬಂದ 4.1 ಆವೃತ್ತಿಯಿಂದ ಅದು ಜಾಣವಾಯಿತು. ಒಂದೊಂದು ಟೇಬಲ್ಲಿಗೆ, ಒಂದೊಂದು ಕಾಲಮ್ಮಿಗೆ ಬೇರೆ ಬೇರೆ ಪಟ್ಟಿ ಇರಬಹುದು, ಒಳಗೆ ಬರುವ ಅಕ್ಷರ ಒಂದು ಪಟ್ಟಿಯದಾಗಿ ಟೇಬಲ್ ಇನ್ನೊಂದರದಾದರೆ ತಾನೇ ಬದಲಿಸಿಕೊಡುತ್ತೇನೆ ಎಂದಿತು. ಒಳ್ಳೆಯದೇ. ಆದರೆ ಬದಲಿಸಬೇಕಾದ ಅಕ್ಷರಕ್ಕೆ ಆಚೆ ಪಟ್ಟಿಯಲ್ಲಿ ಗೂಡೇ ಇಲ್ಲದಿದ್ದರೆ?

ಆಗ ಅದು 63ನೇ ಗೂಡಿನ ಅಕ್ಷರವನ್ನು ಹಾಕುತ್ತದೆ. ಅಂದರೆ ಪ್ರಶ್ನೆಚಿಹ್ನೆ. 'ಗಂಗಮ್ಮ' ಎಂಬ ಹೆಸರು ಯೂನಿಕೋಡಿನಲ್ಲಿ ಆರು ಚಿಹ್ನೆ: ಗ, ಸೊನ್ನೆ, ಗ, ಮ, ಒತ್ತು ಬರಿಸುವ ಅರ್ಧಾಕ್ಷರ ಚಿಹ್ನೆ, ಮತ್ತೆ ಮ. ಆರಕ್ಕೂ ಲ್ಯಾಟಿನ್-1ರಲ್ಲಿ ಗೂಡಿಲ್ಲ. ಹಾಗಾಗಿ ಆರು ಪ್ರಶ್ನೆಚಿಹ್ನೆ. 'ಶಿವಪ್ಪ' ಎಂಬುದೂ ಆರು ಚಿಹ್ನೆಯೇ: ಶ, ಗುಡಿಸು, ವ, ಪ, ಅರ್ಧಾಕ್ಷರ ಚಿಹ್ನೆ, ಪ. ಅದೂ ಆರು ಪ್ರಶ್ನೆಚಿಹ್ನೆ. ಟೇಬಲ್ಲಿನಲ್ಲಿ ಇವರಿಬ್ಬರಿಗೂ ಈಗ ಒಂದೇ ಹೆಸರು. ಉಳಿದದ್ದು ಎಷ್ಟು ಚಿಹ್ನೆ ಇದ್ದವು ಎಂಬ ಲೆಕ್ಕ ಮಾತ್ರ, ಯಾವುವು ಎಂಬುದು ಹೋಯಿತು. ಫೋನ್ ನಂಬರ್, ಮೊತ್ತ ಸರಿಯಾಗಿ ಉಳಿಯುವುದಕ್ಕೆ ಕಾರಣವೂ ಇದೇ. ಅಂಕಿಗಳು ಎರಡೂ ಪಟ್ಟಿಯಲ್ಲಿ ಒಂದೇ ಗೂಡಿನಲ್ಲಿವೆ.

ಮೂರು ಬಾಗಿಲು

ಹೆಸರು ಎಲ್ಲಿ ಕಳೆಯಿತು ಎಂದು ಹುಡುಕಲು ಮೂರು ಜಾಗ ನೋಡಬೇಕು. ಮೊದಲನೆಯದು ಕಳುಹಿಸುವ ಕಡೆ, ಅಂದರೆ ಫೈಲು ಮತ್ತು ಅದನ್ನು ಓದಿಸುವ ಪ್ರೋಗ್ರಾಂ. ಎರಡನೆಯದು ನಡುವಿನ ಸಂಪರ್ಕ, "ನಾನು ಈ ಪಟ್ಟಿಯಲ್ಲಿ ಮಾತಾಡುತ್ತೇನೆ, ನೀನೂ ಅದರಲ್ಲೇ ಉತ್ತರ ಕೊಡು" ಎಂಬ ಒಪ್ಪಂದ. ಮೂರನೆಯದು ಟೇಬಲ್. ಮೂರೂ ಒಂದೇ ಪಟ್ಟಿಯಲ್ಲಿದ್ದರೆ ಏನೂ ಆಗುವುದಿಲ್ಲ. ಒಂದು ತಪ್ಪಿದರೂ ಕೆಡುತ್ತದೆ, ಆದರೆ ಯಾವುದು ತಪ್ಪಿತು ಎಂಬುದರ ಮೇಲೆ ಕೆಡುವ ರೀತಿ ಬೇರೆಯಾಗುತ್ತದೆ.

ಟೇಬಲ್ ಲ್ಯಾಟಿನ್-1 ಆಗಿದ್ದು ಉಳಿದೆರಡು ಯೂನಿಕೋಡ್ ಆಗಿದ್ದರೆ, ಒಳಗೆ ಹೋಗುವಾಗಲೇ ಹೆಸರು ಪ್ರಶ್ನೆಚಿಹ್ನೆ ಆಗಿ ಕೂತುಬಿಡುತ್ತದೆ. ಇದು ನಿಜವಾದ ನಷ್ಟ.

ಟೇಬಲ್ ಸರಿಯಿದ್ದು, ಹೆಸರೂ ಒಳಗೆ ಸರಿಯಾಗಿ ಕೂತಿದ್ದು, ನೋಡುವವರ ಸಂಪರ್ಕ ಮಾತ್ರ ಲ್ಯಾಟಿನ್-1 ಆಗಿದ್ದರೆ, ಹೊರಗೆ ಬರುವಾಗ ಪ್ರಶ್ನೆಚಿಹ್ನೆ ಆಗುತ್ತದೆ. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಇಲ್ಲಿ ಏನೂ ಕಳೆದಿಲ್ಲ, ಸಂಪರ್ಕ ಸರಿಮಾಡಿದರೆ ಹೆಸರು ವಾಪಸ್ ಬರುತ್ತದೆ.

ಇನ್ನು ಫೈಲು ಯೂನಿಕೋಡ್ ಆಗಿದ್ದು, ಸಂಪರ್ಕ "ನಾನು ಲ್ಯಾಟಿನ್" ಎಂದು ಸುಳ್ಳು ಹೇಳಿದರೆ, ಪ್ರಶ್ನೆಚಿಹ್ನೆ ಬರುವುದಿಲ್ಲ. ಒಂದು 'ಕ' ಅಕ್ಷರದ ಮೂರು ಬೈಟುಗಳನ್ನು ಮೂರು ಲ್ಯಾಟಿನ್ ಅಕ್ಷರ ಎಂದು ಓದಿ `à²•` ಎಂಬ ಕಸ ಬರುತ್ತದೆ. ನೋಡಲು ಇದು ಹೆಚ್ಚು ಭಯಾನಕ. ಆದರೆ ಬೈಟುಗಳ ಮಾಹಿತಿ ಕಳೆಯದೆ ಉಳಿದಿರುವುದರಿಂದ ತಿಳಿದವರು ಇದನ್ನು ಬಹುಪಾಲು ಸರಿಮಾಡಬಲ್ಲರು. ಹಾಗಾಗಿ `à²` ಕಂಡರೆ ಧೈರ್ಯವಾಗಿರಿ, ಅಚ್ಚುಕಟ್ಟಾದ ?????? ಕಂಡರೆ ಎಚ್ಚರವಾಗಿರಿ.

ಒಂದು ಉದಾಹರಣೆ ಹಿಡಿದು ನೋಡೋಣ

ಒಂದು ಹಾಲಿನ ಸಂಘ ಎಂದುಕೊಳ್ಳೋಣ. 400 ಸದಸ್ಯರ ಹೆಸರು ಎಕ್ಸೆಲ್ ಹಾಳೆಯಲ್ಲಿದೆ. ಅದನ್ನು ಸಿಎಸ್‌ವಿ ಫೈಲು ಮಾಡಿ `members` ಎಂಬ ಟೇಬಲ್ಲಿಗೆ ಹಾಕಿದರು. ಹೆಸರೆಲ್ಲ ಪ್ರಶ್ನೆಚಿಹ್ನೆ.

ಮೊದಲು ನೋಡಬೇಕಾದದ್ದು ಸಿಎಸ್‌ವಿ ಫೈಲನ್ನೇ, ನೋಟ್‌ಪ್ಯಾಡಿನಲ್ಲಿ ತೆರೆದು. ಎಷ್ಟೋ ಸಲ ಹೆಸರು ಡೇಟಾಬೇಸಿನ ಬಾಗಿಲಿಗೆ ಬರುವ ಮೊದಲೇ ಸತ್ತಿರುತ್ತದೆ. ವಿಂಡೋಸ್ ತನ್ನ ಹಳೆಯ 'ಆನ್ಸಿ' ಪಟ್ಟಿಗಳಲ್ಲಿ ಕನ್ನಡಕ್ಕೆ ಒಂದು ಪಟ್ಟಿ ಮಾಡಲೇ ಇಲ್ಲ, ನಮ್ಮ ಲಿಪಿಗೆ ಅಲ್ಲಿ ಯೂನಿಕೋಡ್ ಒಂದೇ ದಾರಿ. ಎಕ್ಸೆಲ್‌ನಲ್ಲಿ ಬರೀ `CSV (Comma delimited)` ಎಂದು ಸೇವ್ ಮಾಡಿದರೆ ಅದು ಆನ್ಸಿಗೇ ಹೋಗುತ್ತದೆ, ಕನ್ನಡವೆಲ್ಲ ಪ್ರಶ್ನೆಚಿಹ್ನೆ ಆಗುತ್ತದೆ. ಈಚಿನ ಎಕ್ಸೆಲ್‌ಗಳಲ್ಲಿ `CSV UTF-8 (Comma delimited)` ಎಂದು ಬೇರೆ ಆಯ್ಕೆ ಇದೆ, ಅದನ್ನೇ ಆರಿಸಬೇಕು. ಮೂಲ ಎಕ್ಸೆಲ್ ಹಾಳೆ ಇದ್ದರೆ ಇಲ್ಲಿಗೇ ಸಮಸ್ಯೆ ಮುಗಿಯಿತು.

ನಮ್ಮ ಉದಾಹರಣೆಯಲ್ಲಿ ಫೈಲು ಸರಿಯಿದೆ, ಗಂಗಮ್ಮ ಗಂಗಮ್ಮನಾಗಿಯೇ ಕಾಣುತ್ತಾಳೆ ಎಂದುಕೊಳ್ಳೋಣ. ಆಗ ಡೇಟಾಬೇಸಿನಲ್ಲಿ ನಿಜವಾಗಿ ಏನು ಕೂತಿದೆ ಎಂದು ಕೇಳಬೇಕು. `HEX` ಎಂಬ ಆಜ್ಞೆ ಬೈಟುಗಳನ್ನು ಅಂಕಿಯಾಗಿಯೇ ತೋರಿಸುತ್ತದೆ:

```
SELECT name, HEX(name) FROM members WHERE id = 14;
```

ಉತ್ತರ ಹೀಗೆ ಬಂದರೆ:

```
3F3F3F3F3F3F
```

ಹೆಸರು ಹೋಗಿದೆ. ನಾವು ಮೇಲೆ ಹೇಳಿದ 63ನ್ನು ಹದಿನಾರರ ಲೆಕ್ಕದಲ್ಲಿ ಬರೆದರೆ 3F. ಆರು ಸಲ 3F, ಅಂದರೆ ಒಳಗೆ ಕೂತಿರುವುದೇ ಪ್ರಶ್ನೆಚಿಹ್ನೆ. ಬದಲಾಗಿ ಹೀಗೆ ಬಂದರೆ:

```
E0B297E0B282E0B297E0B2AEE0B38DE0B2AE
```

ಗಂಗಮ್ಮ ಒಳಗೆ ಕ್ಷೇಮವಾಗಿದ್ದಾಳೆ. ಆರು ಚಿಹ್ನೆ, ತಲಾ ಮೂರು ಬೈಟು, ಪ್ರತಿ ಮೂರೂ E0ಯಿಂದ ಶುರು. ಕೆಟ್ಟಿರುವುದು ನೋಡುವ ಸಂಪರ್ಕ ಮಾತ್ರ. `SET NAMES utf8mb4;` ಎಂದು ಹೇಳಿ ಮತ್ತೆ ಕೇಳಿದರೆ ಹೆಸರು ಕಾಣುತ್ತದೆ.

ನಮ್ಮ ಸಂಘಕ್ಕೆ ಬಂದದ್ದು 3F. ಈಗ ಟೇಬಲ್ಲಿನ ಪಟ್ಟಿ ಯಾವುದು, ಸಂಪರ್ಕದ ಪಟ್ಟಿ ಯಾವುದು ಎಂದು ನೋಡಬೇಕು:

```
SHOW CREATE TABLE members;
SHOW VARIABLES LIKE 'character_set%';
```

ಮೊದಲ ಆಜ್ಞೆಯ ಉತ್ತರದ ಕೊನೆಯಲ್ಲಿ `CHARSET=latin1` ಎಂದಿತ್ತು. ಕಳ್ಳ ಸಿಕ್ಕ. ಇಲ್ಲಿ ಒಂದು ಪ್ರಶ್ನೆ ಏಳುತ್ತದೆ: ಹೊಸ ಮೈಎಸ್‌ಕ್ಯೂಎಲ್ ಇಂಥದ್ದನ್ನು ತಡೆದು ಎರರ್ ಕೊಡಬೇಕಲ್ಲವೇ? ಒಂದೊಂದೇ ಹೆಸರು ಸೇರಿಸಿದ್ದರೆ ಕೊಡುತ್ತಿತ್ತು. 5.7ರಿಂದ ಕಟ್ಟುನಿಟ್ಟಿನ ಕ್ರಮವೇ ಡೀಫಾಲ್ಟ್. ಆದರೆ `LOAD DATA LOCAL` ಎಂಬ ಆಜ್ಞೆಯಲ್ಲಿ ರಾಶಿ ಹೆಸರನ್ನು ಒಟ್ಟಿಗೆ ತುಂಬಿದಾಗ, ಎರರ್ ಆಗಬೇಕಾದದ್ದು ಬರೀ ವಾರ್ನಿಂಗ್ ಆಗಿ ಕೆಲಸ ಮುಂದೆ ಹೋಗುತ್ತದೆ. ಕೊನೆಯಲ್ಲಿ 400 ಸಾಲು ಸೇರಿತು ಎಂಬ ಸಂತೋಷದ ಸಂದೇಶ, ಪಕ್ಕದಲ್ಲಿ ವಾರ್ನಿಂಗ್‌ಗಳ ಎಣಿಕೆ. ಆ ಎಣಿಕೆ ಸೊನ್ನೆ ಅಲ್ಲದಿದ್ದರೆ ಅಲ್ಲೇ ನಿಂತು `SHOW WARNINGS;` ಎಂದು ಕೇಳಬೇಕು. `Incorrect string value` ಎಂಬ ಸಾಲು ಕಂಡರೆ ಹೆಸರು ಕೆಟ್ಟಿದೆ ಎಂದೇ ಅರ್ಥ.

ಈಗ ದುರಸ್ತಿ. ಟೇಬಲ್ಲನ್ನು ಯೂನಿಕೋಡಿಗೆ ಬದಲಿಸಿದರೆ ಹೆಸರು ತಾನೇ ಬರುತ್ತದೆ ಎಂದು ಹಲವರು ನಂಬುತ್ತಾರೆ. ಬರುವುದಿಲ್ಲ. ಬದಲಿಸಿದ ಟೇಬಲ್ಲಿನಲ್ಲಿ ಯೂನಿಕೋಡ್ ಪ್ರಶ್ನೆಚಿಹ್ನೆ ಇರುತ್ತದೆ, ಅಷ್ಟೆ. ಮೂಲ ಫೈಲಿನಿಂದ ಮತ್ತೆ ತುಂಬಲೇಬೇಕು. ಅದೂ ಹಳೆಯ ಟೇಬಲ್ಲಿನ ಮೇಲೆಯೇ ತುಂಬಿದರೆ ಇನ್ನೊಂದು ಬಲೆ ಇದೆ. ಸದಸ್ಯ ಸಂಖ್ಯೆ ಮೊದಲೇ ಇರುವ ಸಾಲುಗಳನ್ನು `LOCAL` ಕ್ರಮ ಎರರ್ ಕೊಡದೆ, ಬರೀ ವಾರ್ನಿಂಗ್ ಕೊಟ್ಟು ಬಿಟ್ಟುಬಿಡುತ್ತದೆ, ಪ್ರಶ್ನೆಚಿಹ್ನೆ ಹಾಗೇ ಉಳಿಯುತ್ತದೆ. ಆದ್ದರಿಂದ ಹೊಸ ಟೇಬಲ್ ಮಾಡಿ ಅದಕ್ಕೆ ತುಂಬುವುದು ಕ್ಷೇಮ:

```
CREATE TABLE members_new LIKE members;
ALTER TABLE members_new CONVERT TO CHARACTER SET utf8mb4;
SET NAMES utf8mb4;
LOAD DATA LOCAL INFILE 'members.csv'
INTO TABLE members_new
CHARACTER SET utf8mb4
FIELDS TERMINATED BY ',';
```

`SET NAMES` ಸಂಪರ್ಕಕ್ಕೆ ಮಾತ್ರ ಅನ್ವಯ, ಫೈಲನ್ನು ಯಾವ ಪಟ್ಟಿಯಿಂದ ಓದಬೇಕು ಎಂದು ಅದು ಹೇಳುವುದಿಲ್ಲ. ಅದಕ್ಕಾಗಿಯೇ ಕೊನೆಯ ಆಜ್ಞೆಯೊಳಗೆ `CHARACTER SET` ಎಂದು ಮತ್ತೆ ಬರೆದದ್ದು. ತುಂಬಿದ ಮೇಲೆ ನಾಲ್ಕೈದು ಹೆಸರಿಗೆ `HEX` ಹಾಕಿ, E0 ಕಂಡ ಮೇಲೆಯೇ ಹಳೆಯ ಟೇಬಲ್ಲಿನ ಜಾಗಕ್ಕೆ ಇದನ್ನು ತರಬೇಕು. ಮೊದಲು ಐದು ಸಾಲಿನ ಒಂದು ಸಣ್ಣ ಫೈಲು ಹಾಕಿ ನೋಡಿ, ಆಮೇಲೆ 400 ಹಾಕಿದರೆ ಇನ್ನೂ ಒಳ್ಳೆಯದು.

ಇಲ್ಲಿ `utf8mb4` ಎಂದು ಬರೆದದ್ದಕ್ಕೂ ಒಂದು ಹಿನ್ನೆಲೆ ಇದೆ. ಮೈಎಸ್‌ಕ್ಯೂಎಲ್‌ನ ಹಳೆಯ `utf8` ಒಂದು ಚಿಹ್ನೆಗೆ ಮೂರು ಬೈಟಿನವರೆಗೆ ಮಾತ್ರ ಜಾಗ ಕೊಡುತ್ತಿತ್ತು. ಕನ್ನಡಕ್ಕೆ ಮೂರು ಸಾಕು, ಹಾಗಾಗಿ ಹಳೆಯ `utf8` ಟೇಬಲ್ಲಿನಲ್ಲಿ ಕನ್ನಡ ಕೆಡುವುದಿಲ್ಲ. ನಾಲ್ಕು ಬೈಟು ಬೇಕಾದದ್ದು ಈಗ ಎಲ್ಲರೂ ಕಳುಹಿಸುವ ಇಮೋಜಿಗಳಿಗೆ. ಅದಕ್ಕಾಗಿ 2010ರಲ್ಲಿ `utf8mb4` ಬಂತು. ಹೊಸದಾಗಿ ಮಾಡುವವರು ಇದನ್ನೇ ಹಾಕುವುದು ಸರಿ.

ಹಳೆಯ ನುಡಿ ದಾಖಲೆ ಇದ್ದರೆ

ಇತಿಹಾಸದ ಇನ್ನೊಂದು ತುದಿ ಇನ್ನೂ ನಮ್ಮ ಊರುಗಳಲ್ಲಿದೆ. ಹಳೆಯ ಲ್ಯಾಟಿನ್-1 ಟೇಬಲ್ಲಿನಲ್ಲಿ ಅರ್ಧ ಸಾಲುಗಳು ನುಡಿ ಕಾಲದ `PÀ£ÀßqÀ`, ಇನ್ನರ್ಧ ಆಮೇಲೆ ಯೂನಿಕೋಡಿನಲ್ಲಿ ಟೈಪು ಮಾಡಿದ ??????. ನೋಡಿದವರು ಮೊದಲನೆಯದನ್ನೇ ಕಸ ಎಂದುಕೊಂಡು ಅಳಿಸಲು ಹೊರಡುತ್ತಾರೆ. ಬೇಡ. ಅದರಲ್ಲಿ ಹೆಸರು ಪೂರ್ತಿಯಾಗಿದೆ, ನುಡಿಯಿಂದ ಯೂನಿಕೋಡಿಗೆ ಬದಲಿಸುವ ಕನ್ವರ್ಟರಿಗೆ ಕೊಟ್ಟರೆ ಓದಬಹುದಾದ ಕನ್ನಡವಾಗಿ ಬರುತ್ತದೆ. ಒತ್ತಕ್ಷರಗಳನ್ನು ಮಾತ್ರ ಒಮ್ಮೆ ಕಣ್ಣಾರೆ ತಾಳೆ ನೋಡಬೇಕು. ಈ ಟೇಬಲ್ಲಿನಲ್ಲಿ ಹೊಸ ಸಾಲುಗಳೇ ಹೆಚ್ಚು ನಷ್ಟವಾದವು.

ಆದ್ದರಿಂದ ನಿಮ್ಮ ಸಂಘದಲ್ಲೋ ಗ್ರಂಥಾಲಯದಲ್ಲೋ ಹೆಸರು ಪ್ರಶ್ನೆಚಿಹ್ನೆಯಾಗಿ ಬಂದರೆ, ಕಂಪ್ಯೂಟರ್ ನೋಡುವವರಿಗೆ ಎರಡು ಮಾತು ಹೇಳಿ. ಒಂದು, `HEX` ಹಾಕಿ ನೋಡಿ, 3F ಇದೆಯೋ E0 ಇದೆಯೋ ತಿಳಿಸಿ. ಎರಡು, ಅದು ಗೊತ್ತಾಗುವವರೆಗೆ ಮೂಲ ಎಕ್ಸೆಲ್ ಹಾಳೆಯನ್ನೂ ಕೈಬರಹದ ಸದಸ್ಯತ್ವ ಪುಸ್ತಕವನ್ನೂ ಎಲ್ಲಿಗೂ ಕಳುಹಿಸಬೇಡಿ, ಯಾವುದನ್ನೂ ಅಳಿಸಬೇಡಿ. 3F ಎಂದು ಬಂದರೆ ಆರು ಪ್ರಶ್ನೆಚಿಹ್ನೆಯಲ್ಲಿ ಗಂಗಮ್ಮ ಯಾರು, ಶಿವಪ್ಪ ಯಾರು ಎಂದು ಹೇಳಬಲ್ಲದ್ದು ಆ ಹಾಳೆ, ಆ ಪುಸ್ತಕ ಮಾತ್ರ.